ಸರಕು ಕೊಟ್ಟ ಮೇಲೆ ಬಿಲ್ಲಿನ ಹೆಸರು ಬದಲಿಸಿ ಎಂದವರಿಗೆ ನಾನು ಬರೆಯುವ ಇಮೇಲ್

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಮಾರುವ ಅಂಗಡಿ ನನ್ನದು. "ಬಿಲ್ಲು ನಮ್ಮ ಇನ್ನೊಂದು ಕಂಪನಿಯ ಹೆಸರಿಗೆ ಮಾಡಿಕೊಡಿ, ತಾರೀಖು ಮಾತ್ರ ಅದೇ ಇರಲಿ" ಎಂಬ ಮಾತನ್ನು ವರ್ಷಕ್ಕೆ ಏಳೆಂಟು ಸಲವಾದರೂ ಕೇಳುತ್ತಿದ್ದೆ. ಮಾಡುವುದಿಲ್ಲ ಎಂದರೆ ಗಿರಾಕಿ ಹೋಗುತ್ತಾರೆ, ಮಾಡಿದರೆ ನಾವು ಹೋಗುತ್ತೇವೆ. ಇಮೇಲ್ ಬರೆದು ಇದನ್ನು ಬಗೆಹರಿಸುತ್ತೇನೆ ಎಂದಾಗ ಪಕ್ಕದ ಅಂಗಡಿಯವರು ನಕ್ಕಿದ್ದರು. ನಮ್ಮ ಲೆಕ್ಕಪತ್ರ ನೋಡುವ ಮಾಮಾ ಕೂಡ "ಬರೆದು ಕೊಡಬೇಡ, ಬಾಯಲ್ಲಿ ಹೇಳಿ ಮುಗಿಸು" ಎಂದಿದ್ದರು. ಆದರೂ ಬರೆದೆ. ಎರಡು ವರ್ಷದಿಂದ ಒಬ್ಬ ಗಿರಾಕಿಯೂ ತಪ್ಪಿಲ್ಲ, ಒಂದು ರೂಪಾಯಿಯೂ ಕೈಬಿಟ್ಟಿಲ್ಲ. ಅದಕ್ಕೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. 2019ರಲ್ಲಿ ಸುಮಾರು 1,48,000 ರೂಪಾಯಿಯ ಸರಕು, ಮೇಲೆ ಶೇಕಡಾ 18ರಂತೆ 26,640 ತೆರಿಗೆ. ಬಿಲ್ಲು ಒಂದು ಸಂಸ್ಥೆಯ ಹೆಸರಿಗೆ ಹೋಗಿ, ಆ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಕೂಡ ಸಲ್ಲಿಕೆಯಾಗಿತ್ತು. ಮಾಲೀಕರು ಬಂದು ತಮ್ಮನ ಕಂಪನಿಯ ಹೆಸರಿಗೆ ಬೇಕೆಂದರು. ಹಳೆಯ ಗಿರಾಕಿ, ಚಹಾ ಕುಡಿಯುತ್ತಲೇ ಒಪ್ಪಿಕೊಂಡೆ. ಹಳೆಯ ಬಿಲ್ಲಿನ ಮೊತ್ತವನ್ನೂ ತೆರಿಗೆಯನ್ನೂ ಕಳೆಯುವ ಕ್ರೆಡಿಟ್ ನೋಟ್ ಕೊಟ್ಟು, ಹೊಸ ಹೆಸರಿಗೆ ಹೊಸ ಬಿಲ್ಲು ಹಾಕಿದೆ. ಲೆಕ್ಕ ಸರಿಹೋಯಿತು ಎಂದು ಅಂದುಕೊಂಡೆ.

ಸುಮಾರು ಒಂದೂವರೆ ವರ್ಷದ ನಂತರ ತೆರಿಗೆ ಇಲಾಖೆಯಿಂದ ನೋಟಿಸ್ ಬಂತು. ಸರಕು ಹಿಂತಿರುಗಿಲ್ಲ, ಬೆಲೆ ಇಳಿದಿಲ್ಲ, ಸರಕಿನಲ್ಲಿ ದೋಷವಿಲ್ಲ, ಹಾಗಾದರೆ ಕ್ರೆಡಿಟ್ ನೋಟ್ ಯಾವ ಕಾರಣಕ್ಕೆ ಎಂಬುದು ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಸಂಸ್ಥೆ ಅಷ್ಟರಲ್ಲಿ ಆ 26,640ನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದು, ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಾಗಿತ್ತು. ಹಿಂತಿರುಗಿಸಿ ಎಂದರೆ "ಆ ವರ್ಷದ ಲೆಕ್ಕ ಮುಗಿದಿದೆ" ಎಂದರು. ತೆರಿಗೆಯನ್ನು ನಾನೇ ಮತ್ತೆ ಕಟ್ಟಿದೆ. ಬಡ್ಡಿ ಸೇರಿ ಮೂವತ್ತಮೂರು ಮೂವತ್ತನಾಲ್ಕು ಸಾವಿರ ಆಯಿತು. ಆ ವ್ಯವಹಾರದಲ್ಲಿ ನನಗೆ ಉಳಿದ ಲಾಭ ಒಂಬತ್ತು ಸಾವಿರವೂ ಇರಲಿಲ್ಲ.

ಈಗ ಆ ದಾರಿ ಇನ್ನೂ ಇಕ್ಕಟ್ಟಾಗಿದೆ. 2024ರ ಅಕ್ಟೋಬರಿನಿಂದ ಜಿಎಸ್‌ಟಿ ಪೋರ್ಟಲಿನಲ್ಲಿ, ಮಾರಿದವರು ಹಾಕಿದ ಕಾಗದವನ್ನು ಕೊಂಡವರು ಒಪ್ಪುವ ಇಲ್ಲವೇ ತಿರಸ್ಕರಿಸುವ ಐಎಂಎಸ್ ವ್ಯವಸ್ಥೆ ಬಂದಿದೆ. ನಾವು ಹಾಕಿದ ಕ್ರೆಡಿಟ್ ನೋಟನ್ನು ಗಿರಾಕಿಯ ಕಡೆಯವರು ಅಲ್ಲಿ ತಿರಸ್ಕರಿಸಿದರೆ ಆ ತೆರಿಗೆ ಮರಳಿ ನಮ್ಮ ತಲೆಗೇ ಸೇರುತ್ತದೆ. ನಂಬಿಕೆಯ ಮೇಲೆ ಕ್ರೆಡಿಟ್ ನೋಟ್ ಕೊಡುವ ಕಾಲ ಮುಗಿಯಿತು.

ಆ ಪೆಟ್ಟಿನ ನಂತರ ಇನ್ನೊಂದು ತುದಿಗೆ ಹೋದೆ. ಒಬ್ಬರಿಗೆ ಎರಡೇ ಸಾಲು ಬರೆದೆ: ಬಿಲ್ಲಿನ ಹೆಸರು ಬದಲಿಸಲು ಆಗುವುದಿಲ್ಲ, ಕ್ಷಮಿಸಿ. ಅವರು ಬಾಕಿಯಿದ್ದ ನಲವತ್ತು ಸಾವಿರವನ್ನು ಐದು ತಿಂಗಳು ಹಿಡಿದುಕೊಂಡರು. ಮುಂದಿನವರಿಗೆ ಕಾನೂನಿನ ಸೆಕ್ಷನ್‌ಗಳನ್ನೆಲ್ಲ ಸೇರಿಸಿ ಎರಡು ಪುಟ ಬರೆದೆ. ಅವರು ಅದನ್ನು ತಮ್ಮ ಲೆಕ್ಕಪರಿಶೋಧಕರಿಗೆ ಕಳುಹಿಸಿದರು, ಪರಿಶೋಧಕರು ಮೂರು ಪುಟದ ಉತ್ತರ ಕೊಟ್ಟರು. ಬಿಲ್ಲಿನ ಜಗಳ ವಕಾಲತ್ತಿನ ಪಂದ್ಯವಾಯಿತು. ಸೆಕ್ಷನ್ ಬರೆದರೆ ಎದುರಿನವರೂ ಸೆಕ್ಷನ್ ಹುಡುಕುತ್ತಾರೆ ಎಂದು ಅಂದು ತಿಳಿಯಿತು.

ಆಮೇಲೆ ಹೊಳೆದದ್ದು ಇಷ್ಟು. ಗಿರಾಕಿಗೆ ನನ್ನ ಬಿಲ್ಲೇ ಬೇಕಾಗಿಲ್ಲ, ಇನ್ನೊಂದು ಕಂಪನಿಯ ಪುಸ್ತಕದಲ್ಲಿ ಆ ಸರಕು ಮತ್ತು ಅದರ ತೆರಿಗೆ ಕಾಣಬೇಕಾಗಿದೆ. ಆ ಕೆಲಸವನ್ನು ಅವರೇ ಮಾಡಿಕೊಳ್ಳಬಹುದು. ಅವರ ಮೊದಲ ಸಂಸ್ಥೆ ಎರಡನೆಯದಕ್ಕೆ ಸರಕನ್ನು ಮಾರಿ, ತನ್ನದೇ ಬಿಲ್ಲು ಕೊಟ್ಟರೆ ಆಯಿತು.

ಕಳೆದ ಅಕ್ಟೋಬರಿನ ಪ್ರಕರಣ ಹೇಳುತ್ತೇನೆ. ಧಾರವಾಡದ ಗುತ್ತಿಗೆದಾರರೊಬ್ಬರು ಆರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯುಪಿಎಸ್ ತೆಗೆದುಕೊಂಡರು. ಸರಕು 2,90,000, ತೆರಿಗೆ 52,200, ಒಟ್ಟು 3,42,200. ಆದೇಶ ಅವರ ಸ್ವಂತ ಮಾಲೀಕತ್ವದ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿತ್ತು, ಹಣ ಅದೇ ಖಾತೆಯಿಂದ ಬಂತು, ಬಿಲ್ಲು ಅದೇ ಹೆಸರಿಗೆ ಹೋಯಿತು. ನವೆಂಬರ್ 10ಕ್ಕೆ ನಾವು ಜಿಎಸ್‌ಟಿಆರ್-1 ಸಲ್ಲಿಸಿದೆವು. ಒಂದು ವಾರ ಬಿಟ್ಟು ಅವರ ಸಂದೇಶ: ಹೊಸದಾಗಿ ತೆರೆದ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿಗೆ, ಹಳೆಯ ತಾರೀಖಿನಲ್ಲಿ, ಬಿಲ್ಲು ಬೇಕು. ಬ್ಯಾಂಕಿಗೆ ಕಂಪನಿಯ ಆಸ್ತಿ ತೋರಿಸಬೇಕಂತೆ. ಮಾಲೀಕರು ಒಬ್ಬರೇ ಇರಬಹುದು, ಆದರೆ ಎರಡಕ್ಕೂ ಪ್ಯಾನ್ ಬೇರೆ, ಜಿಎಸ್‌ಟಿ ನೋಂದಣಿ ಸಂಖ್ಯೆಯಾದ ಜಿಎಸ್‌ಟಿಐಎನ್ ಬೇರೆ. ತೆರಿಗೆಯ ಕಣ್ಣಿಗೆ ಅವರು ಇಬ್ಬರು.

ಅವರಿಗೆ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಸರ್, ನಮಸ್ಕಾರ. ಸರಕು ಕಂಪನಿಯ ಲೆಕ್ಕಕ್ಕೆ ಬರಲು ದಾರಿ ಇದೆ. ಅದಕ್ಕೆ ಮೂರು ವಿಷಯ ತಿಳಿಸಿ. ಆದೇಶ ಕೊಟ್ಟವರು ಯಾರ ಹೆಸರಿನಲ್ಲಿ? ಹಣ ಯಾರ ಖಾತೆಯಿಂದ ಬಂತು? ಸರಕನ್ನು ಬರಮಾಡಿಕೊಂಡವರು ಯಾರು? ಈ ಮೂರೂ ಕಂಪನಿಯದೇ ಆಗಿದ್ದು ಹೆಸರು ಬರೆಯುವಾಗ ನಮ್ಮಿಂದ ತಪ್ಪಾಗಿದ್ದರೆ, ನಾವೇ ತಿದ್ದಿ ಕೊಡುತ್ತೇವೆ. ನಮ್ಮ ಕಾಗದದ ಪ್ರಕಾರ ಮೂರೂ ತಮ್ಮ ಮಾಲೀಕತ್ವದ ಸಂಸ್ಥೆಯದು ಎಂದು ಕಾಣುತ್ತದೆ. ಹಾಗಿದ್ದರೆ ಆ ಸಂಸ್ಥೆಯಿಂದ ಕಂಪನಿಗೆ ಇದೇ ಬೆಲೆಗೆ, ಇಂದಿನ ತಾರೀಖಿನಲ್ಲಿ ಒಂದು ಬಿಲ್ಲು ಮಾಡಿ. ತಾವು ನಮಗೆ ಕಟ್ಟಿದ 52,200 ಸಂಸ್ಥೆಗೆ ಜಮೆಯಾಗಿರುತ್ತದೆ, ಕಂಪನಿಗೆ ಹಾಕುವ 52,200ಕ್ಕೆ ಅದು ಸರಿಹೋಗುತ್ತದೆ. ಪ್ರತಿ ಯಂತ್ರದ ಸೀರಿಯಲ್ ನಂಬರಿನೊಂದಿಗೆ ನಮ್ಮಿಂದ ಒಂದು ಪತ್ರ ಕೊಡುತ್ತೇವೆ, ದುರಸ್ತಿ ಕಂಪನಿಯ ವಿಳಾಸದಲ್ಲೇ ನಡೆಯುತ್ತದೆ. ಈ ಶುಕ್ರವಾರದೊಳಗೆ ಉತ್ತರಿಸಿದರೆ ಸೋಮವಾರ ಪತ್ರ ಸಿದ್ಧ."

ಇಷ್ಟೇ. ಆಗುವುದಿಲ್ಲ ಎಂಬ ಪದ ಒಂದೂ ಇಲ್ಲ. ಕಾನೂನಿನ ಹೆಸರೂ ಇಲ್ಲ. ಮೂರು ಪ್ರಶ್ನೆಗಳಿಗೆ ಅವರೇ ಉತ್ತರ ಬರೆಯುವಷ್ಟರಲ್ಲಿ ತಪ್ಪು ನನ್ನದಲ್ಲ ಎಂಬುದು ಅವರಿಗೇ ಹೊಳೆದಿರುತ್ತದೆ. ನಾನು ಹೇಳಿದರೆ ವಾದವಾಗುತ್ತಿತ್ತು.

ಆ ಸೀರಿಯಲ್ ನಂಬರಿನ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿರಾಕಿಯ ನಿಜವಾದ ಭಯ ತೆರಿಗೆಯಲ್ಲ, ವಾರಂಟಿ. ಬೇರೆ ಹೆಸರಿಗೆ ಹೋದ ಯಂತ್ರ ಕೆಟ್ಟರೆ ಯಾರೂ ಬರುವುದಿಲ್ಲ ಎಂಬ ಆತಂಕ ಅವರಿಗಿರುತ್ತದೆ. ಇಂಥ ಬಿಲ್ಲಿನಲ್ಲಿ ಇಂಥವರಿಗೆ ಮಾರಿದ ಯಂತ್ರಗಳು ಇವು, ಈಗ ಇಲ್ಲಿ ಬಳಕೆಯಲ್ಲಿವೆ, ವಾರಂಟಿ ಮೊದಲ ಬಿಲ್ಲಿನ ತಾರೀಖಿನಿಂದಲೇ ಎಂದು ಬರೆದು ಸಹಿ, ಮೊಹರು ಹಾಕಿ ಕೊಟ್ಟೆ. ಬ್ಯಾಂಕಿನವರು ಕೇಳಿದಾಗ ಗುತ್ತಿಗೆದಾರರು ಎರಡೂ ಬಿಲ್ಲುಗಳ ಜೊತೆ ಅದನ್ನೇ ಇಟ್ಟರಂತೆ. ಆ ಪತ್ರದಲ್ಲಿ ಕೊನೆಗೆ ಒಂದು ವಾಕ್ಯ ಸೇರಿಸುತ್ತೇನೆ. ಅದು ಮೂರು ಗಿರಾಕಿಗಳಿಂದ ನಮಗೆ ಯುಪಿಎಸ್ ನಿರ್ವಹಣೆಯ ಗುತ್ತಿಗೆ ತಂದುಕೊಟ್ಟಿದೆ. ಆ ವಾಕ್ಯ ಯಾವುದು ಎಂಬುದು ಇಲ್ಲಿ ಬೇಡ.

ಈ ದಾರಿಗೂ ಮಿತಿ ಇದೆ. ಮೊದಲ ಸಂಸ್ಥೆ, ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಅದಕ್ಕೆ ತೆರಿಗೆ ಜಮೆಯೂ ಸಿಗುವುದಿಲ್ಲ, ತೆರಿಗೆ ಬಿಲ್ಲು ಕೊಡಲೂ ಬರುವುದಿಲ್ಲ. ನೋಂದಣಿಯೇ ಇಲ್ಲದೆ ಸ್ವಂತ ಹೆಸರಿನಲ್ಲಿ ಕೊಂಡವರ ಪಾಡೂ ಹಾಗೆಯೇ. ಅಂಥ ಇಬ್ಬರಲ್ಲಿ ಒಬ್ಬರು ಆ ತೆರಿಗೆಯನ್ನು ನಷ್ಟವೆಂದೇ ಬರೆದುಕೊಂಡರು, ಸುಮಾರು ಹನ್ನೊಂದು ಸಾವಿರ. ಇನ್ನೊಬ್ಬರ ಸರಕು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ನಿಜವಾಗಿ ಅಂಗಡಿಗೆ ಹಿಂದಕ್ಕೆ ತರಿಸಿ, ಕ್ರೆಡಿಟ್ ನೋಟ್ ಕೊಟ್ಟು, ಹಣ ಮರಳಿಸಿ, ಕಂಪನಿಯ ಖಾತೆಯಿಂದ ಹೊಸದಾಗಿ ಪಡೆದು ಮಾರಿದೆ. ಟೆಂಪೊ ಬಾಡಿಗೆ 1,200, ಗಿರಾಕಿಯದೇ. ಸರಕು ನಿಜವಾಗಿ ಹಿಂತಿರುಗಿದೆ ಎಂದರೆ ಕ್ರೆಡಿಟ್ ನೋಟಿಗೆ ನಿಲ್ಲಲು ಆಧಾರ ಸಿಗುತ್ತದೆ.

ನಮ್ಮದೇ ತಪ್ಪಾದದ್ದೂ ಉಂಟು. ಬಿಲ್ಲಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಒಂದೇ ರೀತಿಯ ಎರಡು ಹೆಸರುಗಳಿದ್ದು, ನಮ್ಮ ಹುಡುಗ ಮೇಲಿನದನ್ನು ಒತ್ತಿಬಿಟ್ಟಿದ್ದ. ಆದೇಶ, ಹಣ, ಸರಕು ತಲುಪಿಸಿದ ಚಲನ್ ಮೂರೂ ಕೆಳಗಿನ ಕಂಪನಿಯದು. ಅದೇ ತಿಂಗಳಿಗೆ ತಿದ್ದೋಣ ಎಂದು ಜಿಎಸ್‌ಟಿಆರ್-1ಎ ತೆರೆದು ಅರ್ಧ ದಿನ ಒದ್ದಾಡಿದೆ. ಖರೀದಿದಾರರ ಜಿಎಸ್‌ಟಿಐಎನ್ ಅಲ್ಲಿ ಬದಲಾಗುವುದಿಲ್ಲ. ಮುಂದಿನ ತಿಂಗಳ ಜಿಎಸ್‌ಟಿಆರ್-1ರ ತಿದ್ದುಪಡಿ ಕೋಷ್ಟಕದಲ್ಲಿಯೇ ಬದಲಿಸಬೇಕು. ತೆರಿಗೆ ಜಮೆ ಒಂದು ತಿಂಗಳು ತಡವಾಗಿ ಕಾಣುತ್ತದೆ ಎಂದು ಗಿರಾಕಿಗೆ ಮೊದಲೇ ಬರೆಯದಿದ್ದರೆ ದಿನಕ್ಕೆರಡು ಫೋನ್ ಬರುತ್ತವೆ. ನನಗೆ ಬಂದವು. ಐದು ಕೋಟಿ ದಾಟಿದ ವಹಿವಾಟಿನವರಿಗೆ ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಇರುವುದರಿಂದ ರದ್ದು ಮಾಡಲು 24 ಗಂಟೆಯಷ್ಟೇ ಸಮಯ. ನಾನು ಆ ಎತ್ತರದಲ್ಲಿಲ್ಲ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಇದೇ ವಿಷಯವನ್ನು ಧ್ವನಿ ಸಂದೇಶದಲ್ಲಿ ಕಳುಹಿಸಿದೆ. ಯಾರೂ ಪೂರ್ತಿ ಕೇಳಲಿಲ್ಲ, ಎಲ್ಲರೂ ಮರಳಿ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಬರೆದಾಗ ಉತ್ತರ ಪರಿಶೋಧಕರಿಂದ ಬಂತು, ಕನ್ನಡದಲ್ಲಿ ಬರೆದಾಗ ಮಾಲೀಕರಿಂದಲೇ ಬಂತು. ಮಾಲೀಕರೊಡನೆ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹಾಗಾಗಿ ಈಗ ಕನ್ನಡವೇ. ಕೊಟೇಶನ್ನಿನ ಕೆಳಗೆ "ಬಿಲ್ಲಿನ ಹೆಸರು ನಂತರ ಬದಲಾಗುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದು ದಂಡವಾಯಿತು, ಯಾರೂ ಓದಲಿಲ್ಲ. ಕೊನೆಗೆ ಫಲ ಕೊಟ್ಟದ್ದು, ಬಿಲ್ಲು ಹಾಕುವ ಮುನ್ನ ಹೆಸರು ಮತ್ತು ಜಿಎಸ್‌ಟಿಐಎನ್ ಮೊಬೈಲಿಗೆ ಕಳುಹಿಸಿ "ಸರಿ" ಎಂಬ ಒಂದು ಉತ್ತರ ಪಡೆಯುವುದು. ಅದನ್ನು ಶುರು ಮಾಡಿದ ಮೇಲೆ ಏಳೆಂಟು ಇದ್ದದ್ದು ವರ್ಷಕ್ಕೆ ಎರಡು ಮೂರಕ್ಕೆ ಇಳಿದಿದೆ.

ಗುತ್ತಿಗೆದಾರರು ಗುರುವಾರವೇ ಉತ್ತರಿಸಿದರು: "ಬಿಲ್ಲಿನ ನಮೂನೆ ಕಳುಹಿಸಿ, ನಮ್ಮ ಗುಮಾಸ್ತರಿಗೆ ಕೊಡುತ್ತೇನೆ." ಜನವರಿಯಲ್ಲಿ ಕಂಪನಿಯ ಹೆಸರಿನಲ್ಲೇ ಇನ್ನೆರಡು ಕಂಪ್ಯೂಟರ್ ತೆಗೆದುಕೊಂಡರು. ಅಂದು ನಕ್ಕಿದ್ದ ಪಕ್ಕದ ಅಂಗಡಿಯವರು ಮೊನ್ನೆ ಬಂದು ಆ ಇಮೇಲಿನ ಪ್ರತಿ ಕೇಳಿದರು. ಕೊಟ್ಟೆ, ವಿಷಯದ ಸಾಲನ್ನು ಮಾತ್ರ ಅಳಿಸಿ.