ದ್ರಾಕ್ಷಿ ಗೊಂಚಲಿನ ಫೋಟೋ: ಬೂದಿ ರೋಗವೋ, ಬಿಸಿಲ ಸುಡುವೋ, ಉದುರಿದ್ದೋ?

ಜನವರಿಯಲ್ಲಿ ತಿಕೋಟಾ ಕಡೆಯ ರೈತರೊಬ್ಬರು ಒಂದು ಫೋಟೋ ಕಳಿಸಿದರು. ಥಾಮ್ಸನ್ ಸೀಡ್‌ಲೆಸ್ ಗೊಂಚಲು. ಕಾಯಿಗಳ ಮೇಲೆ ಬಿಳಿ ಪುಡಿ, ಮೇಲ್ಭಾಗದಲ್ಲಿ ಕಂದು ಕಾಯಿಗಳು, ತುದಿಯಲ್ಲಿ ನಾಲ್ಕೈದು ಖಾಲಿ ತೊಟ್ಟು. “ಬೂದಿ ರೋಗ ಬಂದೈತಿ, ಏನ್ ಹೊಡೀಬೇಕ್ರಿ?” ಎಂದು ಕೇಳಿದ್ದರು. ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ಕಾಯಿಯೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೂ ಮೂರು ಫೋಟೋ ಕೇಳಿದೆ.

ಮೊದಲನೆಯದು ಗೊಂಚಲು ಬಳ್ಳಿಯಲ್ಲಿ ತೂಗುವ ಹಾಗೇ, ಮೇಲಿನ ಎಲೆಗಳೂ ಕಾಣುವಂತೆ. ಪಡುವಣ ಯಾವ ಕಡೆ ಎಂದು ಬರೆದು ಕಳಿಸಬೇಕು. ಎರಡನೆಯದು ಒಂದು ಗೇಣು ದೂರದಿಂದ: ಒಂದು ಕಾಯಿಯ ಅರ್ಧ ಭಾಗವನ್ನು ಹೆಬ್ಬೆರಳಿನಿಂದ ಒರೆಸಿ, ಆಮೇಲೆ ತೆಗೆಯಬೇಕು. ಮೂರನೆಯದು ಗೊಂಚಲನ್ನು ಎತ್ತಿ ಒಳಗಿನ ಕಡ್ಡಿ, ತೊಟ್ಟು ಕಾಣುವಂತೆ. ಫ್ಲ್ಯಾಶ್ ಬೇಡ, ನೇರ ಬಿಸಿಲೂ ಬೇಡ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಸೂಕ್ಷ್ಮ ಗುರುತುಗಳು ಉಳಿಯುತ್ತವೆ.

ಒರೆಸಿದ ಕಾಯಿಯೇ ಮುಖ್ಯ. ದ್ರಾಕ್ಷಿಗೆ ತನ್ನದೇ ಮೇಣದ ಹೊದಿಕೆ ಇರುತ್ತದೆ. ಅದು ಎಲ್ಲ ಕಾಯಿಗೂ ಒಂದೇ ಸಮ ಹಬ್ಬಿರುತ್ತದೆ, ಒರೆಸಿದರೆ ಕೆಳಗೆ ನುಣುಪಾದ ಹಸಿರು ಸಿಪ್ಪೆ ಕಾಣುತ್ತದೆ. ಬೂದಿ ರೋಗ ಅಲ್ಲಲ್ಲಿ ಬೂದು ಬಣ್ಣದ ತೇಪೆಯಂತೆ ಇರುತ್ತದೆ. ಒರೆಸಿದರೂ ಸಿಪ್ಪೆಯ ಮೇಲೆ ಬಲೆಯಂಥ ಕಂದು ಗೆರೆ ಉಳಿಯುತ್ತದೆ. ಕಡ್ಡಿಯ ಮೇಲೂ ಬೂದಿ ಕಾಣಬಹುದು, ರೋಗ ಎಳೆಯದರಲ್ಲೇ ಬಂದಿದ್ದರೆ ಕಾಯಿ ಸಣ್ಣದಾಗಿ ಬಿರಿದಿರುತ್ತದೆ. ಒಂದು ಎಚ್ಚರಿಕೆ: ಔಷಧಿಯ ಹನಿ ಒಣಗಿದ ಕಲೆಯೂ ಬೆಳ್ಳಗಿರುತ್ತದೆ, ಆದರೆ ಅದು ಹೆಚ್ಚಾಗಿ ಹನಿ ನಿಲ್ಲುವ ಕಾಯಿಯ ತಳದಲ್ಲಿ ಇರುತ್ತದೆ.

ಈ ರೈತರ ಕಾಯಿ ಒರೆಸಿದ ಕಡೆ ನುಣ್ಣಗೆ ಹಸಿರಾಗಿತ್ತು. ಕಡ್ಡಿಯೂ ಸ್ವಚ್ಛ. ಬೂದಿ ರೋಗವಲ್ಲ, ಮೇಣ.

ಕಂದು ಕಾಯಿಗಳು ಬರೀ ಪಡುವಣ ಮಗ್ಗುಲಲ್ಲಿದ್ದವು. ಒಂದೇ ಕಾಯಿಯ ಬಿಸಿಲ ಕಡೆ ಕಂದಾಗಿ ತಗ್ಗಿತ್ತು, ನೆರಳ ಕಡೆ ಹಸಿರಾಗಿತ್ತು. ರೋಗ ಹೀಗೆ ದಿಕ್ಕು ನೋಡಿ ಬರುವುದಿಲ್ಲ, ಅಲ್ವಾ? ಕೇಳಿದರೆ, ಗಾಳಿಯಾಡಲಿ ಅಂತ ಆ ಕಡೆಯ ಎಲೆಗಳನ್ನು ಕಿತ್ತಿದ್ದರಂತೆ. ಇದು ಬಿಸಿಲ ಸುಡು.

ಉಳಿದದ್ದು ಖಾಲಿ ತೊಟ್ಟು. ಕಾಯಿ ತಾನಾಗಿ ಕಳಚಿದ್ದರೆ ತೊಟ್ಟಿನ ತುದಿ ಒಣಗಿ ಸಮವಾಗಿರುತ್ತದೆ. ತಾಗಿ ಕಿತ್ತು ಬಂದಿದ್ದರೆ ತುದಿಯಲ್ಲಿ ತಿರುಳಿನ ಸಣ್ಣ ಎಳೆ ಅಂಟಿಕೊಂಡಿರುತ್ತದೆ. ಇಲ್ಲಿ ಎಳೆ ಇತ್ತು, ಗೊಂಚಲು ಜನ ಓಡಾಡುವ ದಾರಿಯ ಕಡೆಗೇ ತೂಗುತ್ತಿತ್ತು. ಅಂದರೆ ತಾಗಿ ಉದುರಿದ್ದು. ತಾನಾಗಿ ಉದುರುತ್ತಿದ್ದರೆ ಒಂದು ಫೋಟೋ ಸಾಲದು. ಎರಡು ದಿನ ಬಿಟ್ಟು ಅದೇ ಗೊಂಚಲನ್ನು ಮತ್ತೆ ತೆಗೆದು ತೊಟ್ಟು ಎಣಿಸಬೇಕು.

ಬೂದಿ ರೋಗಕ್ಕೆಂದು ಗಂಧಕ ಹೊಡೆಯಬೇಡಿ ಎಂದೆ. ಬಿರುಬಿಸಿಲಲ್ಲಿ ಗಂಧಕವೇ ಕಾಯಿಯನ್ನು ಸುಡುತ್ತದೆ. ಪಡುವಣ ಸಾಲಿನ ಗೊಂಚಲುಗಳಿಗೆ ಅವರು ಮರುದಿನವೇ ಕಾಗದ ಸುತ್ತಿದರು.