ಫಿಲ್ಟರಿನಲ್ಲಿ ಎರಡು ಬೀದರ್: ನಮ್ಮ ಸಂಸ್ಥೆಗೊಂದು ಸ್ಟೈಲ್ ಗೈಡ್ ಮಾಡಿದ್ದು

ವಾರ್ಷಿಕ ವರದಿಗೆ ಜಿಲ್ಲಾವಾರು ಲೆಕ್ಕ ತೆಗೆಯಲು ಕೂತಿದ್ದೆ. ನಮ್ಮ ಸಂಸ್ಥೆ ಕೆಲಸ ಮಾಡುವುದು ನಾಲ್ಕು ಜಿಲ್ಲೆಗಳಲ್ಲಿ. ಗೂಗಲ್ ಶೀಟಿನ ಫಿಲ್ಟರ್ ತೆರೆದರೆ ಏಳು ಜಿಲ್ಲೆಗಳು ಕಾಣಿಸಿದವು. ರಾಯಚೂರು, ಯಾದಗಿರಿ ಸರಿ ಇದ್ದವು. ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ ಮೂರೂ ಒಂದೇ ಊರು, ಅದೂ ಅರ್ಥವಾಯಿತು. ಆದರೆ ಬೀದರ್ ಎರಡು ಸಲ ಇತ್ತು. ಅಕ್ಷರ ಅಕ್ಷರ ನೋಡಿದೆ, ಎರಡೂ ಒಂದೇ. ಕೊನೆಯಲ್ಲಿ ಸ್ಪೇಸ್ ಇರಬಹುದು ಅಂತ ಅಳಿಸಿ ನೋಡಿದೆ, ಆದರೂ ಎರಡೇ.

ಕೊನೆಗೆ ಪಕ್ಕದ ಕಾಲಮ್ಮಿನಲ್ಲಿ ಅಕ್ಷರ ಎಣಿಸುವ ಸೂತ್ರ ಹಾಕಿದೆ.

```
=LEN(A2)
```

ಒಂದು ಬೀದರ್‌ಗೆ 5 ಬಂತು, ಇನ್ನೊಂದಕ್ಕೆ 6. ಬ, ೀ, ದ, ರ, ್ ಸೇರಿ ಐದೇ ತಾನೇ? ಆರನೆಯದು ಕಣ್ಣಿಗೆ ಕಾಣದ ಒಂದು ಕೋಡ್. 'ಬೀದರ್‌ನಲ್ಲಿ' ಎಂದು ಟೈಪ್ ಮಾಡುವಾಗ ರ್ ಅರ್ಕಾವೊತ್ತಾಗಿ ನ ಜೊತೆ ಸೇರಿಕೊಳ್ಳದಿರಲಿ ಎಂದು ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವಲ್ಲ, ಅದೇ ಇದು. ಯುನಿಕೋಡ್‌ನಲ್ಲಿ ಇದಕ್ಕೆ U+200C ಎಂಬ ಸಂಖ್ಯೆ ಇದೆ. ನಮ್ಮ ಹುಡುಗನೊಬ್ಬ ವರದಿಯಿಂದ 'ಬೀದರ್‌ನಲ್ಲಿ' ಎತ್ತಿ ಶೀಟಿಗೆ ಹಾಕಿ, 'ನಲ್ಲಿ'ಯನ್ನಷ್ಟೇ ಅಳಿಸಿದ್ದ. ಆ ಕಾಣದ ಅಕ್ಷರ ಬಾಲದ ಹಾಗೆ ಅಲ್ಲೇ ಉಳಿದಿತ್ತು.

ಆವತ್ತೇ ನಿರ್ದೇಶಕರ ಬಳಿ ಹೋಗಿ, ಸಾರ್, ಬರೆಯೋದು ಹೇಗೆ ಅಂತ ನಾವೆಲ್ಲ ಒಂದು ತೀರ್ಮಾನಕ್ಕೆ ಬರಬೇಕು, ಅದನ್ನು ಸ್ಟೈಲ್ ಗೈಡ್ ಅಂತ ಬರೆದಿಡಬೇಕು ಅಂದೆ. ಮಾಡಮ್ಮ, ಆದರೆ ನಾಲ್ಕು ಪುಟ ದಾಟಬಾರದು, ದಾಟಿದರೆ ನಾನೇ ಓದಲ್ಲ ಅಂದರು. ಅದಕ್ಕಿಂತ ಒಳ್ಳೆಯ ಷರತ್ತು ಇನ್ಯಾರೂ ಹಾಕುತ್ತಿರಲಿಲ್ಲ.

ಮೊದಲು ನಿಯಮ ಬರೆಯಲು ಹೋಗಲಿಲ್ಲ. ಹಿಂದಿನ ಎರಡು ವರ್ಷದ ಒಂಬತ್ತು ದಾಖಲೆಗಳನ್ನು ಪ್ರಿಂಟ್ ತೆಗೆದೆ: ವಾರ್ಷಿಕ ವರದಿ, ತರಬೇತಿ ಕೈಪಿಡಿ, ಸುತ್ತೋಲೆ, ಸಭೆಯ ನಡಾವಳಿ, ಎಲ್ಲ ಬಗೆಯವೂ ಇರುವ ಹಾಗೆ. ಕೆಂಪು ಪೆನ್ನು ಹಿಡಿದು, ಒಂದೇ ಮಾತನ್ನು ಎರಡು ಥರ ಬರೆದಿದ್ದು ಕಂಡಲ್ಲೆಲ್ಲ ಗುರುತು ಹಾಕಿಕೊಂಡೆ. ಇಂಗ್ಲಿಷ್/ಇಂಗ್ಲೀಷ್, ಫೆಬ್ರವರಿ/ಫೆಬ್ರುವರಿ, ಎಚ್/ಹೆಚ್, ಆ್ಯಪ್/ಆಪ್. ಜವಾಬ್ದಾರಿಯನ್ನು 'ಜವಾಬ್ಧಾರಿ' ಎಂದು ಬರೆದಂಥವೂ ಸಿಕ್ಕವು. ಅವು ಬರೀ ತಪ್ಪುಗಳು, ಚರ್ಚೆಗೆ ಬೇಕಿರಲಿಲ್ಲ. ಇಂಥವನ್ನು ಬೇರೆ ಮಾಡಿದ ಮೇಲೆ, ಎರಡೂ ಸರಿ ಇದ್ದು ಒಂದನ್ನು ಆರಿಸಲೇಬೇಕಾದ ಜೋಡಿಗಳು ಸುಮಾರು ಅರವತ್ತು ಉಳಿದವು. ಸ್ಟೈಲ್ ಗೈಡ್ ಬೇಕಾಗಿರುವುದು ಇಂಥವಕ್ಕೇ. ತಪ್ಪು ಯಾವುದು ಅಂತ ಹೇಳಲು ನಿಘಂಟು ಇದೆಯಲ್ಲ.

ಒಂದು ಶನಿವಾರ ಏಳು ಜನ ಕೂತೆವು. ಧಾರವಾಡದವರು, ಮೈಸೂರಿನವರು, ಮಂಗಳೂರಿನ ಕಡೆಯವರು, ಎಲ್ಲರೂ ಇದ್ದರು. ಕರಾವಳಿಯ ಸಹೋದ್ಯೋಗಿ 'ಎಪ್ರಿಲ್' ಬಿಡಲು ತಯಾರಿರಲಿಲ್ಲ. ಉಳಿದವರಿಗೆ 'ಏಪ್ರಿಲ್' ಆಗಬೇಕು. ಅರ್ಧ ಗಂಟೆ ಅದರಲ್ಲೇ ಹೋಯಿತು. ಆಮೇಲೆ ಒಂದು ಮಾತಿಗೆ ಬಂದೆವು: ಯಾವುದು ಸರಿ ಅಂತ ವಾದ ಬೇಡ, ನಮ್ಮ ದಾಖಲೆಗಳಲ್ಲಿ ಈಗಾಗಲೇ ಯಾವುದು ಜಾಸ್ತಿ ಇದೆಯೋ ಅದು. ಏಪ್ರಿಲ್ ಗೆದ್ದಿತು. ಹನ್ನೆರಡು ತಿಂಗಳ ಹೆಸರನ್ನೂ ಗೈಡಿನಲ್ಲಿ ಸಾಲಾಗಿ ಬರೆದುಬಿಟ್ಟೆವು, ಮುಂದೆ ಯಾರೂ ಕೇಳದ ಹಾಗೆ. ಊರಿನ ಹೆಸರಿಗೆ ಮಾತ್ರ ಎಣಿಕೆ ನೋಡಲಿಲ್ಲ, ಸರ್ಕಾರ ಬರೆಯುವ ಹಾಗೇ ಬರೆಯುವುದು. 2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಕಲಬುರಗಿ, ಹಾಗಾಗಿ ಕಲಬುರಗಿ. ಆದರೆ ಗುಲ್ಬರ್ಗಾ ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲಿ ಗುಲ್ಬರ್ಗಾ ಎಂದೇ ಇಟ್ಟುಕೊಂಡಿದೆ, ಅದನ್ನು ನಾವು ತಿದ್ದುವ ಹಾಗಿಲ್ಲ. ಇದನ್ನು ಗೈಡಿನಲ್ಲಿ ಬರೆಯದೆ ಹೋಗಿದ್ದರೆ ಯಾರೋ ಒಬ್ಬರು ಫೈಂಡ್-ರಿಪ್ಲೇಸ್ ಒತ್ತಿ ವಿಶ್ವವಿದ್ಯಾಲಯಕ್ಕೂ ಹೊಸ ನಾಮಕರಣ ಮಾಡುತ್ತಿದ್ದರು.

ಜಾಸ್ತಿ ತಲೆ ತಿಂದಿದ್ದು ವಿಭಕ್ತಿ. ಬ್ಯಾಂಕ್‌ನಲ್ಲಿ, ಬ್ಯಾಂಕ್ನಲ್ಲಿ, ಬ್ಯಾಂಕಿನಲ್ಲಿ: ಮೂರೂ ಒಂದೇ ಪುಟದಲ್ಲಿ ಇದ್ದವು. ನಡುವಿನದು ಓದುವುದಕ್ಕೇ ಕಷ್ಟ, ಅದನ್ನು ಕೂಡಲೇ ತೆಗೆದುಹಾಕಿದೆವು. ಉಳಿದೆರಡರಲ್ಲಿ ಯಾವುದು? ಕೆಲವರು ಎಲ್ಲ ಕಡೆ 'ಬ್ಯಾಂಕ್‌ನಲ್ಲಿ' ಇರಲಿ ಅಂದರು, ನಿಯಮ ಸುಲಭ ಅಂತ. ಆದರೆ ನಮ್ಮ ಕೈಪಿಡಿಗಳನ್ನು ಸ್ವಸಹಾಯ ಸಂಘಗಳಲ್ಲಿ ಗಟ್ಟಿಯಾಗಿ ಓದುತ್ತಾರೆ. ಅಲ್ಲಿ ಯಾರೂ 'ಬಸ್‌ನಲ್ಲಿ ಬಂದೆ' ಅನ್ನುವುದಿಲ್ಲ, 'ಬಸ್ಸಿನಲ್ಲಿ ಬಂದೆ' ಅನ್ನುತ್ತಾರೆ. ಹಾಗಾಗಿ ಬಾಯಿಂದ ಸಹಜವಾಗಿ 'ಇ' ಸೇರಿ ಬರುವ ಪದಗಳಿಗೆ ಹಾಗೇ ಬರೆಯುವುದು ಅಂತಾಯಿತು: ಬ್ಯಾಂಕಿನಲ್ಲಿ, ಬಸ್ಸಿಗೆ, ಫೋನಿನಲ್ಲಿ, ಆಫೀಸಿನಿಂದ. ಹಾಗೆ ಹೇಳಿದರೆ ನಗು ಬರುವಂಥವಕ್ಕೆ ಮಾತ್ರ ಬಿಡಿಸಿ ಬರೆಯುವುದು: ಆನ್‌ಲೈನ್‌ನಲ್ಲಿ, ವೆಬ್‌ಸೈಟ್‌ಗೆ. ಬೀದರ್ ಈ ಎರಡನೇ ಗುಂಪಿಗೆ ಹೋಯಿತು. ಬೀದರಿನಲ್ಲಿ ಅನ್ನುವವರೂ ಇದ್ದಾರೆ ನಿಜ, ಆದರೆ ನಮ್ಮ ಬೀದರ್ ಸಿಬ್ಬಂದಿ ಒಪ್ಪಲಿಲ್ಲ.

ಶೀಟಿಗೆ ಬೇರೆಯೇ ನಿಯಮ. ಅಲ್ಲಿ ಹೆಸರಿಗೆ ವಿಭಕ್ತಿ ಇರುವುದಿಲ್ಲ, ಕಾಣದ ಅಕ್ಷರವೂ ಇರಬಾರದು. ಹಳೆಯ ಶೀಟುಗಳಲ್ಲಿ ಜಿಲ್ಲೆ, ತಾಲ್ಲೂಕಿನ ಕಾಲಮ್ಮುಗಳನ್ನು ಹೀಗೆ ತೊಳೆದೆ:

```
=SUBSTITUTE(A2,UNICHAR(8204),"")
```

8204 ಅಂದರೆ ಅದೇ U+200C, ಹತ್ತರ ಲೆಕ್ಕದಲ್ಲಿ. ಇದನ್ನು ವಾಕ್ಯಗಳಿರುವ ಕಾಲಮ್ಮಿಗೆ ಹಾಕಬೇಡಿ. ನಾನು ಆತುರದಲ್ಲಿ 'ಷರಾ' ಕಾಲಮ್ಮಿಗೂ ಎಳೆದುಬಿಟ್ಟೆ, ವೆಬ್‌ಸೈಟ್‌ಗೆ ಎಂದಿದ್ದವೆಲ್ಲ 'ವೆಬ್ಸೈಟ್ಗೆ' ಆಗಿ ಕೂತವು. ತೊಳೆದಾದ ಮೇಲೆ ಆ ಕಾಲಮ್ಮುಗಳಿಗೆ ಡ್ರಾಪ್‌ಡೌನ್ ಹಾಕಿದೆ. ಈಗ ಯಾರೂ ಜಿಲ್ಲೆಯ ಹೆಸರನ್ನು ಟೈಪ್ ಮಾಡುವುದಿಲ್ಲ, ಆರಿಸುತ್ತಾರೆ.

ದಿನಾಂಕದ ಕಥೆ ಚಿಕ್ಕದು, ಆದರೆ ಪೆಟ್ಟು ದೊಡ್ಡದು. ಅನುದಾನ ಕೊಡುವ ಹೊರದೇಶದವರಿಗೆ ಭೇಟಿಯ ದಿನ 03/04/2023 ಎಂದು ಕಳಿಸಿದ್ದೆವು. ನಮಗೆ ಅದು ಏಪ್ರಿಲ್ 3. ಅಮೆರಿಕದಲ್ಲಿ ಕೂತವರಿಗೆ ಮಾರ್ಚ್ 4. ಫೆಬ್ರವರಿ ಕೊನೆಯಲ್ಲಿ, ಮುಂದಿನ ವಾರ ಬರುತ್ತಿದ್ದೇವೆ ಅಂತ ಫೋನ್ ಬಂದಾಗ ಎದೆ ಧಸಕ್ ಅಂದಿತ್ತು. ಈಗ ಪಠ್ಯದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇವೆ: 2023ರ ಏಪ್ರಿಲ್ 3ರಂದು. 'ರ', 'ರಂದು' ಅಂಕಿಗೆ ಅಂಟಿಕೊಂಡೇ ಇರಬೇಕು, ನಡುವೆ ಸ್ಪೇಸ್ ಇಲ್ಲ. ಸ್ಪೇಸ್ ಬಿಟ್ಟರೆ ಸಾಲಿನ ಕೊನೆಯಲ್ಲಿ 2023 ಉಳಿದು, ಮುಂದಿನ ಸಾಲು ಅನಾಥ 'ರ'ದಿಂದ ಶುರುವಾಗುತ್ತದೆ. ಕೋಷ್ಟಕದಲ್ಲಿ ಜಾಗ ಕಡಿಮೆ ಇರುವುದರಿಂದ 03-04-2023, ಆದರೆ ಕಾಲಮ್ಮಿನ ತಲೆಯಲ್ಲಿ 'ದಿನ-ತಿಂಗಳು-ವರ್ಷ' ಎಂದು ಬರೆದಿರಬೇಕು. ಕಡತದ ಹೆಸರಿಗೆ ತಿರುಗುಮುರುಗು, 2023-04-03, ಫೋಲ್ಡರಿನಲ್ಲಿ ತಾನಾಗೇ ಕ್ರಮವಾಗಿ ಕೂರಲಿ ಅಂತ.

ಕನ್ನಡ ಅಂಕಿ ಬಳಸಬೇಕು ಎಂದು ಇಬ್ಬರು ಪಟ್ಟು ಹಿಡಿದರು. ನನಗೂ ಮನಸ್ಸಿತ್ತು. ಆದರೆ ೬ ಮತ್ತು ೯ ಸಣ್ಣ ಅಕ್ಷರದಲ್ಲಿ ಒಂದೇ ಥರ ಕಾಣುತ್ತವೆ, ಕೆಲವರು ಸೊನ್ನೆಯ ಬದಲು ಅನುಸ್ವಾರ ಒತ್ತುತ್ತಾರೆ, ಮೊತ್ತ ಕೂಡುವ ಶೀಟು ಇವನ್ನು ಅಂಕಿ ಎಂದು ಒಪ್ಪುವುದಿಲ್ಲ. ಕೊನೆಗೆ ಬ್ಯಾನರು, ಆಮಂತ್ರಣ ಪತ್ರಿಕೆಯಲ್ಲಿ ಕನ್ನಡ ಅಂಕಿ, ಉಳಿದೆಡೆ 1, 2, 3 ಎಂದು ರಾಜಿಯಾದೆವು.

ತಲೆಬರಹಗಳ ವಿಷಯದಲ್ಲಿ ನಿಯಮ ಸುಲಭ: ಎರಡೇ ಹಂತ, ಅಡಿಗೆರೆ ಇಲ್ಲ, ಕೊನೆಯಲ್ಲಿ ಕೋಲನ್ ಇಲ್ಲ. ಕಷ್ಟ ಕೊಟ್ಟಿದ್ದು ವರ್ಡ್. ಹೆಡಿಂಗ್ ಸ್ಟೈಲಿನಲ್ಲಿ ಅಳತೆ 16 ಎಂದು ಕೊಟ್ಟರೂ ಕನ್ನಡ ಅಕ್ಷರ ಬದಲಾಗುತ್ತಲೇ ಇರಲಿಲ್ಲ, ನಡುವಿನ ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತಿತ್ತು. ವರ್ಡ್ ಕನ್ನಡವನ್ನು ಬೇರೆ ಗುಂಪಿನ ಲಿಪಿಯಾಗಿ ನೋಡುತ್ತದೆ. ಸ್ಟೈಲಿನ ಫಾಂಟ್ ಕಿಟಕಿಯಲ್ಲಿ Complex scripts ಎಂಬ ಬೇರೆ ಭಾಗ ಇದೆ, ಕನ್ನಡದ ಫಾಂಟು, ಅಳತೆ, ದಪ್ಪ ಎಲ್ಲ ಅಲ್ಲಿ ಕೊಡಬೇಕು. ಇದು ಗೊತ್ತಿಲ್ಲದೆ ನಮ್ಮವರು ಪ್ರತಿ ತಲೆಬರಹವನ್ನೂ ಕೈಯಲ್ಲೇ ದೊಡ್ಡದು ಮಾಡುತ್ತಿದ್ದರು, ಹಾಗಾಗಿ ಒಂದೊಂದು ಒಂದೊಂದು ಅಳತೆ. ಈಗ ಒಂದು ಟೆಂಪ್ಲೇಟ್ ಮಾಡಿ ಎಲ್ಲರಿಗೂ ಕೊಟ್ಟಿದ್ದೇನೆ.

ಧಾಟಿಯ ಬಗ್ಗೆ ಬರೆಯುವಾಗ ಮಾತ್ರ ಕೈ ನಡುಗಿತು. 'ಸರಳವಾಗಿ ಬರೆಯಿರಿ' ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ, ಅಲ್ವಾ? ಅದಕ್ಕೆ ನಮ್ಮದೇ ವರದಿಯಿಂದ ಒಂದು ವಾಕ್ಯ ತೆಗೆದು ಹಾಕಿದೆ: 'ಸದರಿ ಗ್ರಾಮಗಳಲ್ಲಿ ಸಮೀಕ್ಷೆಯನ್ನು ಕೈಗೊಳ್ಳಲಾಗಿದ್ದು, ಮುಂದಿನ ದಿನಗಳಲ್ಲಿ ಸೂಕ್ತ ಕ್ರಮ ವಹಿಸಲಾಗುವುದು.' ಯಾರು ಮಾಡಿದರು, ಯಾವ ಊರು, ಯಾವ ಕ್ರಮ, ಒಂದೂ ಇಲ್ಲ. ಬರೆದವರನ್ನೇ ಕೇಳಿ ತಿದ್ದಿದೆ: 'ನಮ್ಮ ಇಬ್ಬರು ಕಾರ್ಯಕರ್ತರು ಜುಲೈನಲ್ಲಿ ಆರು ಹಳ್ಳಿಗಳ ಸಮೀಕ್ಷೆ ಮಾಡಿದರು. ನೀರಿನ ತೊಂದರೆ ಇರುವ ಎರಡು ಹಳ್ಳಿಗಳಲ್ಲಿ ಸೆಪ್ಟೆಂಬರಿನಲ್ಲಿ ಕೆಲಸ ಶುರು ಮಾಡುತ್ತೇವೆ.' ನಿಯಮ ಇಷ್ಟೇ: 'ಲಾಗಿದೆ', 'ಲಾಗುವುದು' ಎಂದು ಕಂಡರೆ ನಿಂತು, ಯಾರು ಅಂತ ಕೇಳಿಕೊಳ್ಳಿ. ಸರ್ಕಾರಿ ಕಚೇರಿಗೆ ಬರೆಯುವ ಪತ್ರಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ವಿಷಯ, ಉಲ್ಲೇಖ, ಮಾನ್ಯರೇ ಎಲ್ಲ ಅವರ ಪದ್ಧತಿಯಂತೆ ಇದ್ದರೇ ಕಡತ ಮುಂದೆ ಹೋಗುತ್ತದೆ. ಒಮ್ಮೆ ಸರಳ ಮಾಡಿ ಕಳಿಸಿ ವಾಪಸ್ ಬಂದದ್ದಿದೆ.

ಕೆಂಪು ಪೆನ್ನು ಹಿಡಿದು ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಒಂದೇ ಪುಟದಲ್ಲಿ ಅಧಿಕಾರಿ 'ತಿಳಿಸಿದರು', ಸಂಘದ ಸದಸ್ಯೆ 'ಹೇಳಿದಳು'. ಅಧಿಕಾರಿಗೆ 'ಶ್ರೀ', 'ರವರು' ಎರಡೂ, ಐವತ್ತು ವರ್ಷದ ಹೆಂಗಸಿಗೆ ಬರೀ ಹೆಸರು. ಬೇಕಂತ ಯಾರೂ ಬರೆದಿರಲಿಲ್ಲ, ನಾನೂ ಹಾಗೇ ಬರೆದಿದ್ದೆ. ಈಗ ಹದಿನೆಂಟು ದಾಟಿದ ಎಲ್ಲರಿಗೂ 'ಅವರು', ಎಲ್ಲರೂ 'ಹೇಳಿದರು'. 'ಶ್ರೀ', 'ಶ್ರೀಮತಿ' ವರದಿಯಲ್ಲಿ ಯಾರಿಗೂ ಇಲ್ಲ. 'ಫಲಾನುಭವಿ' ಕೋಷ್ಟಕದಲ್ಲಿ ಮಾತ್ರ, ಕಥೆ ಹೇಳುವಾಗ ರೈತರು, ಸದಸ್ಯೆ, ಏನು ಕೆಲಸವೋ ಅದು. ಈ ನಿಯಮಕ್ಕೆ ಮಾತ್ರ ಯಾರೂ ವಾದ ಮಾಡಲಿಲ್ಲ.

ಗೈಡ್ ಕೊಟ್ಟ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೊದಲ ಮೂರು ತಿಂಗಳು ಯಾರೂ ತೆರೆಯಲಿಲ್ಲ. ಆಮೇಲೆ ಅರವತ್ತು ಜೋಡಿಗಳಲ್ಲಿ ಜಾಸ್ತಿ ತಪ್ಪುವ ಹದಿನೈದನ್ನು ಮಾತ್ರ ಒಂದು ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ ಟೀ ಫ್ಲಾಸ್ಕ್ ಇಡುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ಅದನ್ನು ಓದುತ್ತಾರೆ. ಕಳೆದ ವಾರ ಯಾರೋ ಅದರಲ್ಲಿ 'ಏಪ್ರಿಲ್' ಹೊಡೆದುಹಾಕಿ ಪೆನ್ಸಿಲಿನಲ್ಲಿ 'ಎಪ್ರಿಲ್' ಎಂದು ತಿದ್ದಿದ್ದಾರೆ. ಯಾರು ಅಂತ ನಮಗೆಲ್ಲ ಗೊತ್ತು.