ಈರುಳ್ಳಿ ಬೇರಲ್ಲಿ ಕಾಣದ ದಾರಗಳನ್ನು ತೋರಿಸಿದ್ದು

ಕಾರವಾರದಲ್ಲಿ ಡಿಗ್ರಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಈರುಳ್ಳಿ ಬೇರಿನ ಸ್ಲೈಡ್ ಮಾಡಿಸಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಪುಸ್ತಕದಲ್ಲಿ ಕದಿರು ಎಳೆ ಇದೆ. ಇಲ್ಲಿ ಎಲ್ಲಿದೆ?"

ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಆ ದಾರ ಅಲ್ಲೇ ಇರುತ್ತದೆ, ಆದರೆ ಬಣ್ಣ ಹಿಡಿಯುವುದಿಲ್ಲ. ನಾವು ಹಾಕುವ ಅಸಿಟೊಕಾರ್ಮಿನ್ ಬಣ್ಣ ವರ್ಣತಂತುಗಳಿಗೆ ಮಾತ್ರ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಎಳೆಯನ್ನು ಹುಡುಕುವುದು ಬಿಟ್ಟು, ಅದರ ಎಳೆತದ ಗುರುತು ಹುಡುಕಿಸುತ್ತೇನೆ.

ಈರುಳ್ಳಿ ಕುಮಟಾ ಕಡೆಯದ್ದು. ಬೇಸಿಗೆಯಲ್ಲಿ ಹೆದ್ದಾರಿ ಬದಿ ಗೊಂಚಲು ಕಟ್ಟಿ ಮಾರುತ್ತಾರಲ್ಲ, ಅದು. ಹೊಸ ಗಡ್ಡೆ ಬೇರು ಬಿಡಲು ಸತಾಯಿಸುತ್ತದೆ, ಹಾಗಾಗಿ ಒಂದೆರಡು ತಿಂಗಳು ತೂಗುಹಾಕಿದ್ದನ್ನು ತರುತ್ತೇನೆ. ಒಣಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಬಾಟಲಿ ಬಾಯಿಯ ಮೇಲೆ ಕೂರಿಸಬೇಕು. ಮಳೆಗಾಲದಲ್ಲಿ ದಿನಾ ನೀರು ಬದಲಿಸದಿದ್ದರೆ ಕೊಳೆತೇ ಹೋಗುತ್ತದೆ.

ಬೇರು ಒಂದೆರಡು ಸೆಂಟಿಮೀಟರ್ ಆದಾಗ ಗಡ್ಡೆಗಳನ್ನು ಎರಡು ಪಾಲು ಮಾಡುತ್ತೇನೆ. ಒಂದು ಪಾಲು ನೀರಲ್ಲೇ ಇರುತ್ತದೆ. ಇನ್ನೊಂದರ ಬೇರು, ಎಳೆ ಕಟ್ಟಲು ಬಿಡದ ಕೊಲ್ಚಿಸಿನ್‌ನ 0.05% ದ್ರಾವಣದಲ್ಲಿ ನಾಲ್ಕು ಗಂಟೆ. ಅಂದರೆ 10 ಮಿಲಿಲೀಟರ್ ನೀರಿಗೆ 5 ಮಿಲಿಗ್ರಾಂ. ಪ್ರಾಣಿಕೋಶಕ್ಕೆ ಇದಕ್ಕಿಂತ ತುಂಬಾ ಕಡಿಮೆ ಸಾಕು, ಸಸ್ಯಕ್ಕೆ ಜಾಸ್ತಿಯೇ ಬೇಕು. ಪುಡಿ ವಿಷ. ಕೈಗವಸು ಹಾಕಿ ನಾನೇ ತೂಗುತ್ತೇನೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಗೌರಿ ಹೂವಿನ ಗಡ್ಡೆಯಲ್ಲಿರುವುದೂ ಇದೇ. ಅದನ್ನು ಕುದಿಸಿ ರಸ ತೆಗೆಯುವ ಸಾಹಸ ಮಾತ್ರ ಯಾರೂ ಮಾಡಬೇಡಿ.

ಮುಂದಿನ ಕೆಲಸ ಎರಡಕ್ಕೂ ಒಂದೇ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದು ರಾತ್ರಿ. ಆಮೇಲೆ 60 ಡಿಗ್ರಿಯ 1N HCl ನಲ್ಲಿ ಏಳೆಂಟು ನಿಮಿಷ. ತೊಳೆದು, ತುದಿಯ ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿ, ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚಿ ಹೆಬ್ಬೆರಳಿಂದ ನೇರ ಒತ್ತಬೇಕು. ಒತ್ತುವಾಗ ಜಾರಿದರೆ ವರ್ಣತಂತುಗಳು ಬಳಿದಂತಾಗುತ್ತವೆ. ಅಂಥ ಸ್ಲೈಡ್ ಎಸೆದುಬಿಡಿ.

ಮೊದಲು ನೀರಿನ ಬೇರು ನೋಡಿ. ಅನಾಫೇಸ್ ಹಂತದ ಕೋಶದಲ್ಲಿ ವರ್ಣತಂತುಗಳ ಎರಡು ಗುಂಪು ಕೋಶದ ಎರಡು ತುದಿಗೆ, ಅಂದರೆ ಧ್ರುವಗಳಿಗೆ, ದೂರ ಸರಿಯುತ್ತಿರುತ್ತವೆ. ಒಂದೊಂದು ವರ್ಣತಂತುವಿನ ಆಕಾರ ಗಮನಿಸಿ: ಬಾಗಿದ ಸೊಂಟ ಧ್ರುವದ ಕಡೆ ಮುಂದೆ, ತೋಳುಗಳು ಹಿಂದೆ. ಕೆಲವು V, ಕೆಲವು J. ಸುಮ್ನೆ ತೇಲಿ ಹೋಗುವ ವಸ್ತು ಹೀಗೆ ಬಾಗುವುದಿಲ್ಲ. ಸೊಂಟದಲ್ಲೇ ಯಾವುದೋ ಹಿಡಿದು ಎಳೆಯುತ್ತಿದೆ. ಆ ಹಿಡಿತದ ಜಾಗದಲ್ಲಿರುವ ಪ್ರೋಟೀನ್ ಕಟ್ಟೇ ಕೈನೆಟೊಕೋರ್. ಅದು ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣದು, ಸೊಂಟದ ಸಪೂರ ಭಾಗ ಮಾತ್ರ ಕಾಣುತ್ತದೆ.

ಈಗ ಕೊಲ್ಚಿಸಿನ್ ಬೇರು. ಇಲ್ಲಿ ಅನಾಫೇಸ್ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನ್ ತುಣುಕುಗಳು ಸೇರಿ ಆಗುವಂಥವು, ಕೊಲ್ಚಿಸಿನ್ ಆ ತುಣುಕಿಗೆ ಅಂಟಿಕೊಂಡು ಸೇರಲು ಬಿಡುವುದಿಲ್ಲ. ವರ್ಣತಂತುಗಳು ಮಧ್ಯದಲ್ಲಿ ಸಾಲುಗಟ್ಟದೆ ಕೋಶವಿಡೀ ಚೆಲ್ಲಿರುತ್ತವೆ. ಒಂದೊಂದು ವರ್ಣತಂತುವಿನ ಎರಡು ಪ್ರತಿಗಳು, ಅಂದರೆ ಕ್ರೊಮ್ಯಾಟಿಡ್‌ಗಳು, ತೋಳು ಬಿಚ್ಚಿ, ಸೊಂಟದಲ್ಲಿ ಮಾತ್ರ ಕೂಡಿ X ನಂತೆ ಕಾಣುತ್ತವೆ. ಎಣಿಸಲು ಇದೇ ಒಳ್ಳೆಯ ಕೋಶ. ಹದಿನಾರು ಸಿಗಬೇಕು.

ಕೋಶ ಯಾಕೆ ಇಲ್ಲೇ ನಿಂತಿತು? ಎಳೆ ಹಿಡಿಯದ ಕೈನೆಟೊಕೋರ್‌ಗಳು "ಇನ್ನೂ ತಾಳು" ಎಂಬ ಸಂಕೇತ ಕಳಿಸುತ್ತಲೇ ಇರುತ್ತವೆ. ಆದರೆ ಬರೀ ಹಿಡಿದರೆ ಸಾಲದು, ಸರಿಯಾಗಿ ಹಿಡಿಯಬೇಕು. ಕ್ರೊಮ್ಯಾಟಿಡ್ ಜೋಡಿಯ ಎರಡೂ ಕೈನೆಟೊಕೋರ್ ಒಂದೇ ಧ್ರುವಕ್ಕೆ ಕಟ್ಟಿಕೊಂಡರೆ ಪಾಲು ತಪ್ಪುತ್ತದೆ. ಇದು ಕೋಶಕ್ಕೆ ಗೊತ್ತಾಗುವುದು ಬಿಗಿತದಿಂದ. ಬೈತಖೋಲ ಬಂದರಿನಲ್ಲಿ ದೋಣಿಯನ್ನು ಎರಡೂ ಬದಿಗೆ ಕಟ್ಟಿದ್ದರೆ ಒಂದು ಹಗ್ಗ ಜಗ್ಗಿದಾಗ ಬಿಗಿಯಾಗುತ್ತದೆ, ಆಚೆ ಕಟ್ಟಿಲ್ಲದಿದ್ದರೆ ಸಡಿಲವಾಗಿ ಬರುತ್ತದೆ, ಅಲ್ವಾ? ಹಾಗೆಯೇ ಬಿಗಿತ ಇಲ್ಲದ ಹಿಡಿತ ಬಿಟ್ಟುಹೋಗುತ್ತದೆ, ಮತ್ತೆ ಹಿಡಿಯುವ ಅವಕಾಶ ಸಿಗುತ್ತದೆ.

ಇದನ್ನು 1969ರಲ್ಲಿ ನಿಕ್ಲಾಸ್ ಮತ್ತು ಕೋಚ್ ಮಿಡತೆಯ ವೀರ್ಯ ತಯಾರಾಗುವ ಕೋಶದಲ್ಲಿ ತೋರಿಸಿದರು. ಸಪೂರ ಗಾಜಿನ ಸೂಜಿಯಿಂದ ವರ್ಣತಂತುಗಳ ಒಂದು ಜೋಡಿಯನ್ನು ತಳ್ಳಿ ಎರಡೂ ಒಂದೇ ಧ್ರುವಕ್ಕೆ ಹಿಡಿಯುವಂತೆ ಮಾಡಿದರು. ಬಿಟ್ಟರೆ ಆ ತಪ್ಪು ಹಿಡಿತ ಕಳಚಿ ಸರಿಯಾಗುತ್ತಿತ್ತು. ಸೂಜಿಯಿಂದ ಧ್ರುವಕ್ಕೆ ಎದುರಾಗಿ ಎಳೆದು ಹಿಡಿದರೆ, ಎಳೆದಷ್ಟು ಹೊತ್ತೂ ತಪ್ಪು ಹಿಡಿತವೇ ಗಟ್ಟಿಯಾಗಿ ಉಳಿಯುತ್ತಿತ್ತು. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗ ಇಲ್ಲ.

ರೆಕಾರ್ಡ್ ಬುಕ್ಕಿನ ಒಂದು ತಕರಾರು ಇದೆ. ಮಕ್ಕಳು ಈರುಳ್ಳಿ ಕೋಶ ಬರೆದು ಎರಡೂ ತುದಿಗೆ, ಎಳೆಗಳು ಹೊರಡುವ ಕೇಂದ್ರವಾದ ಸೆಂಟ್ರೋಸೋಮ್‌ನ ಚುಕ್ಕೆ ಇಡುತ್ತಾರೆ. ಅದು ಪ್ರಾಣಿಕೋಶದ ಚಿತ್ರದಿಂದ ಬಂದದ್ದು. ಈರುಳ್ಳಿಯಲ್ಲಿ ಸೆಂಟ್ರೋಸೋಮ್ ಇಲ್ಲ, ಎಳೆಗಳು ನ್ಯೂಕ್ಲಿಯಸ್ ಸುತ್ತಮುತ್ತಲಿಂದ ಹುಟ್ಟಿ ಆಮೇಲೆ ಎರಡು ಧ್ರುವ ಮಾಡಿಕೊಳ್ಳುತ್ತವೆ. ತುದಿಗಳು ಚೂಪಾಗಿರದೆ ಅಗಲವಾಗಿರುತ್ತವೆ. ಚುಕ್ಕೆ ಇಟ್ಟವರಿಗೆ ನಾನು ಅರ್ಧ ಅಂಕ ಕಡಿಯುತ್ತೇನೆ.

ಸಮಯವಿದ್ದರೆ ಕೊಲ್ಚಿಸಿನ್ ಬೇರನ್ನು ತೊಳೆದು ಮತ್ತೆ ಒಂದೆರಡು ದಿನ ನೀರಲ್ಲಿಡಿ. ತಾಳಲಾರದೆ ವಿಭಜನೆ ಬಿಟ್ಟುಕೊಟ್ಟ ಕೋಶಗಳಲ್ಲಿ ಕ್ರೊಮ್ಯಾಟಿಡ್‌ಗಳು ಬೇರಾದರೂ ಎಳೆಯುವವರಿಲ್ಲದೆ ಎಲ್ಲವೂ ಒಂದೇ ನ್ಯೂಕ್ಲಿಯಸ್ಸಿನಲ್ಲಿ ಉಳಿದಿರುತ್ತವೆ. ಮುಂದಿನ ವಿಭಜನೆಯಲ್ಲಿ ವರ್ಣತಂತುಗಳು ಮಧ್ಯದಲ್ಲಿ ಸಾಲುಗಟ್ಟುವ ಮೆಟಾಫೇಸ್ ಹಂತದಲ್ಲಿ ಅಂಥ ಕೋಶ ಸಿಕ್ಕರೆ ಎಣಿಸಿ, ಮೂವತ್ತೆರಡು ಬರುತ್ತದೆ.